ಟೇಲರ್ ಮಾಮಾನ ಬಾಡಿಗೆ ಚೀಟಿ

ಬಿ.ಎ. ಎರಡನೆಯ ವರ್ಷದ ಹೊತ್ತಿಗೆ ನನ್ನ ಬಳಿ ಮೂರು ಚರ್ಚಾ ಸ್ಪರ್ಧೆಯ ಢಾಲುಗಳಿದ್ದವು. ಒಂದು ಸಿಂದಗಿಯದು, ಎರಡು ಮುದ್ದೇಬಿಹಾಳದವು. ಮುದ್ದೇಬಿಹಾಳದಲ್ಲಿ ಒಂದೇ ದಿನ ಬೆಳಿಗ್ಗೆ ವಿಷಯದ ಪರವಾಗಿ ಗೆದ್ದು, ಮಧ್ಯಾಹ್ನದ ಸುತ್ತಿನಲ್ಲಿ ಅದೇ ವಿಷಯದ ವಿರುದ್ಧ ಗೆದ್ದು ಬಂದಿದ್ದೆ. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ, "ಅಂದ್ರ ಎರಡರಾಗ ಒಂದ್ಸಲ ಸುಳ್ಳು ಹೇಳೀದಿ ಅಂದಂಗಾತು" ಎಂದಿದ್ದಳು. ಅದಕ್ಕೆ ನಾನು ಅರ್ಧ ತಾಸು ಉತ್ತರ ಕೊಟ್ಟೆ. ಅವಳು ಅಷ್ಟರಲ್ಲಿ ಹನ್ನೆರಡು ರೊಟ್ಟಿ ಬಡಿದು ಮುಗಿಸಿದಳು.

ಇಂಡಿ ಪಟ್ಟಣದಲ್ಲಿ ನಮ್ಮ ಕಾಕಾನದೊಂದು ಝೆರಾಕ್ಸ್ ಮತ್ತು ಎಸ್‌ಟಿಡಿ ಅಂಗಡಿ ಇತ್ತು. ಬಸ್ ನಿಲ್ದಾಣದಿಂದ ಎರಡು ಓಣಿ ಈಚೆ. ಕಾಲೇಜು ಮುಗಿದ ಮೇಲೆ ನಾನು ಅಲ್ಲಿ ಕೂತಿರುತ್ತಿದ್ದೆ. ಝೆರಾಕ್ಸ್ ಮಾಡಿಸಲು ಬಂದವರು ಹೇಗೂ ಕೈಯಲ್ಲಿ ಕಾಗದ ಹಿಡಿದೇ ಬರುತ್ತಿದ್ದರು. ಅದರ ಮೇಲೆ ಕಣ್ಣಾಡಿಸಿ ತಪ್ಪು ತೋರಿಸುವುದು ನನ್ನ ಚಟ. ಮೊದಮೊದಲು ಜನ ಸಿಟ್ಟಾಗುತ್ತಿದ್ದರು. ಆಮೇಲೆ ಅವರೇ, "ಒಂದೀಟು ನೋಡ್ರಿ, ತಿದ್ದಿ ಕೊಡ್ರಿ" ಎನ್ನತೊಡಗಿದರು. ಕಾಕಾನಿಗೆ ಇದರಿಂದ ಲಾಭವೇ. ತಿದ್ದಿದ ಮೇಲೆ ಮತ್ತೆ ಬರೆಯಬೇಕು, ಬರೆದ ಮೇಲೆ ಎರಡು ಪ್ರತಿ ತೆಗೆಸಬೇಕು.

ನಮ್ಮ ಅಂಗಡಿಯ ಎದುರಿಗೆ ಟೇಲರ್ ಮಾಮಾನ ಅಂಗಡಿ. ಸಾಲೋಟಗಿ ಕಡೆಯವನು. ಹತ್ತಡಿ ಅಗಲದ ಮಳಿಗೆ, ಎರಡು ಹೊಲಿಗೆ ಯಂತ್ರ, ಗೋಡೆಗೆ ಒಂದು ಕನ್ನಡಿ. ಊರಿನ ಅರ್ಧ ಮಕ್ಕಳ ಸಾಲಿಯ ಚಡ್ಡಿಗಳು ಅಲ್ಲೇ ಹುಟ್ಟಿದವು. ಆ ಮಳಿಗೆಯ ಹಿಂದೆ, ಒಂದೇ ಗೋಡೆಯ ಆಚೆ, ಮಾಲೀಕರ ಮನೆ. ಮಾಲೀಕರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಸಾಹೇಬ್ರು ಎನ್ನುತ್ತಿದ್ದರು.

ಸಾಹೇಬರಿಗೆ ನಿವೃತ್ತಿ ಆಗಿ ಆರು ವರ್ಷವಾಗಿತ್ತು. ಕಚೇರಿಗೆ ಆಗಿರಲಿಲ್ಲ. ಅದು ಅವರ ಜೊತೆಗೇ ಮನೆಗೆ ಬಂದಿತ್ತು. ಪಡಸಾಲೆಯಲ್ಲಿ ಮೇಜು, ಮೇಜಿನ ಮೇಲೆ ಚೀಟಿ ಚುಚ್ಚುವ ತಂತಿ, ಪಕ್ಕದಲ್ಲಿ ಒಳಬಂದದ್ದನ್ನೆಲ್ಲ ದಾಖಲಿಸುವ ಆವಕ ರಿಜಿಸ್ಟರು. ಬಾಡಿಗೆದಾರರು ಏನೇ ಕೇಳಬೇಕಾದರೂ ಬರೆದು ಕೊಡಬೇಕು. ನಳ ಕೆಟ್ಟರೆ ಅರ್ಜಿ. ಬಲ್ಬು ಹೋದರೆ ಅರ್ಜಿ. ಬಾಯಲ್ಲಿ ಹೇಳಹೋದರೆ, "ಮಾತು ಗಾಳಿಗಿ ಹೋಗ್ತಾವು. ಕಾಗದ ತಂತಿಗಿ ಇರ್ತೈತಿ. ಬರ್ಕೊಂಡು ಬಾ" ಎಂದು ಕಳಿಸುತ್ತಿದ್ದರು. ಬರೆದು ತಂದರೆ ಅದರಲ್ಲಿ ಕೊರತೆ ಹುಡುಕಿ ವಾಪಸು ಕೊಡುತ್ತಿದ್ದರು. ಕೊರತೆ ತೀರಿದ ಕಾಗದಕ್ಕೆ ಮಾತ್ರ ಉತ್ತರ.

ಜುಲೈ ತಿಂಗಳ ಎರಡನೆಯ ತಾರೀಖು ಮಧ್ಯಾಹ್ನ ಮಾಮಾ ರಸ್ತೆ ದಾಟಿ ಬಂದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ವಹಿಯಿಂದ ಹರಿದ ಹಾಳೆ.

"ಮಗಳ, ಇದನ್ನೊಂದೀಟು ನೋಡು. ಸಾಹೇಬ್ರಿಗಿ ಕೊಡೂದೈತಿ."

ವಿಷಯ ಇಷ್ಟೇ. ಒಂದು ಖಾಸಗಿ ಸಾಲಿಯವರು ಮೇ ತಿಂಗಳಲ್ಲಿ ಮಕ್ಕಳ ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಹೊಲಿದು ಕೊಟ್ಟಾಗಿತ್ತು. ಪಾಲಕರು ಫೀ ಕಟ್ಟಿದ ಮೇಲೆ ಹೊಲಿಗೆಯ ಹಣ ಎಂದು ಸಾಲಿಯವರು ಹೇಳುತ್ತಿದ್ದರು. ಐದನೆಯ ತಾರೀಖಿಗೆ ಬಾಡಿಗೆ ಕೊಡಬೇಕು, ಮಾಮಾನ ಗಲ್ಲೆಯಲ್ಲಿ ಗುಂಡಿಗಳಿದ್ದವು, ನೋಟುಗಳಿರಲಿಲ್ಲ. ಇದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ ಸಾಹೇಬರ ತಂಗಿಯ ಮಗನೊಬ್ಬ ಕ್ಯಾಸೆಟ್ ಅಂಗಡಿ ಹಾಕಲು ಆ ಮಳಿಗೆಯ ಮೇಲೆ ಕಣ್ಣಿಟ್ಟಿದ್ದ. ವಾರಕ್ಕೊಮ್ಮೆ ಬಸವನ ಬಾಗೇವಾಡಿಯಿಂದ ಬಂದು ಮಳಿಗೆಯ ಮುಂದೆ ನಿಂತು, ಹೆಜ್ಜೆ ಹಾಕಿ ಅಗಲ ಅಳೆದು ಹೋಗುತ್ತಿದ್ದ. ಅಳೆಯುವುದನ್ನೇ ಕಸುಬು ಮಾಡಿಕೊಂಡ ಮಾಮಾನಿಗೆ ಇದು ಅರ್ಥವಾಗದೆ ಇರಲಿಲ್ಲ. ಬಾಡಿಗೆ ಒಂದು ತಿಂಗಳು ತಪ್ಪಿದರೆ ಸಾಹೇಬರಿಗೆ ಕಾರಣ ಸಿಕ್ಕಂತೆ. ಈ ಮಳಿಗೆ ಹೋದರೆ ಗಿರಾಕಿಗಳೂ ಹೋಗುತ್ತಾರೆ. ಟೇಲರನನ್ನು ಜನ ಹೆಸರಿನಿಂದಲ್ಲ, ಜಾಗದಿಂದ ನೆನಪಿಡುತ್ತಾರೆ.

ಮಾಮಾನ ಚೀಟಿ ಹೀಗಿತ್ತು:

'ಸಾಹೇಬರಿಗೆ ನಮಸ್ಕಾರ. ಈ ತಿಂಗಳ ಬಾಡಿಗೆ ಕೊಡುದು ಆಗುದಿಲ್ಲ. ಸಾಲಿಯವರು ರೊಕ್ಕ ಕೊಟ್ಟಿಲ್ಲ. ಅವರು ಕೊಟ್ಟರೆ ನಾನು ಕೊಡುತ್ತೇವೆ. ನೀವು ತಡಿ. ಸುಮ್ಮನೆ ಗದ್ದಲ ಮಾಡಬೇಡ.'

ನಾನು ಪೆನ್ನು ತೆಗೆದೆ. "ಮಾಮಾ, ಇದು ಅವಕಾಶ ಕೇಳೂದಲ್ಲ, ಧಮಕಿ."

"ಯಾಕ? ನಮಸ್ಕಾರ ಹಾಕೇನಲ್ಲ ಮ್ಯಾಲೆ?"

"ನಮಸ್ಕಾರ ಹಾಕಿ ಕಪಾಳಕ್ಕ ಹೊಡದಂಗ ಐತಿ. 'ನಾನು' ಅಂದ ಮ್ಯಾಲೆ 'ಕೊಡುತ್ತೇನೆ' ಆಗ್ಬೇಕು. ನೀವೇನು ನಾಕು ಮಂದಿ ಇದ್ದೀರೇನು?"

"ಯಂತ್ರ ಎರಡು ಅದಾವಲ್ಲ" ಎಂದ ಮಾಮಾ.

"'ನೀವು' ಅಂದು 'ತಡಿ' ಅಂದೀರಿ. 'ತಡೆಯಿರಿ' ಅನ್ನಬೇಕು. ಅದಕ್ಕಿಂತ 'ದಯವಿಟ್ಟು ತಾವು ಅವಕಾಶ ಕೊಡಬೇಕು' ಅಂದ್ರ ಮರ್ಯಾದಿ. ಮತ್ತ 'ಕೊಡುದು ಆಗುದಿಲ್ಲ' ಅಂತ ಬರದ್ರ ಕೊಡೂದೇ ಇಲ್ಲ ಅಂದಂಗಾತು. ನೀವು ಕೊಡಾವ್ರು, ತಡಾ ಮಾಡಿ. ಹೌದೋ ಅಲ್ಲೋ?"

"ಹೌದವ್ವಾ. ಅದನ್ನ ಬರದೇನಲ್ಲ?"

ಗದ್ದಲದ ವಾಕ್ಯವನ್ನು ನಾನು ಮಾತಾಡದೆ ಅಡ್ಡ ಗೆರೆ ಎಳೆದು ತೆಗೆದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿ ಎಂದು ಇವತ್ತೂ ವಾದಿಸಬಲ್ಲೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಬೇಕಿರಲಿಲ್ಲ.

ಆಗ ನನಗೊಂದು ಸಿದ್ಧಾಂತವಿತ್ತು. ಸೌಜನ್ಯ ಎಂಬುದು ವಾದ ಇಲ್ಲದವರ ಆಸರೆ. ಪುರಾವೆ ಇದ್ದವನು ಬೇಡಿಕೊಳ್ಳುವುದಿಲ್ಲ, ಸಾಧಿಸುತ್ತಾನೆ. ಹೀಗಾಗಿ ಹೊಸ ಹಾಳೆ ತೆಗೆದುಕೊಂಡು ಬರೆದೆ:

'ಮಾನ್ಯರೆ, ಹನ್ನೊಂದು ವರ್ಷಗಳಿಂದ ತಮ್ಮ ಮಳಿಗೆಯಲ್ಲಿ ಬಾಡಿಗೆದಾರನಾಗಿರುವ ನಾನು ಇಲ್ಲಿಯವರೆಗೆ ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲವೆಂಬುದು ತಮಗೆ ತಿಳಿದ ಸಂಗತಿ. ಶಾಲೆಯಿಂದ ಬರಬೇಕಾದ ಹೊಲಿಗೆಯ ಹಣ ತಡವಾಗಿರುವ ಕಾರಣ, ಈ ತಿಂಗಳ ಬಾಡಿಗೆ ಸಲ್ಲಿಸಲು ದಯವಿಟ್ಟು ಕೆಲವು ದಿನಗಳ ಅವಕಾಶ ನೀಡಬೇಕು. ಸೋರುವ ಚಾವಣಿಯ ದುರಸ್ತಿಗೆ ತಾವು ಎರಡು ಮಳೆಗಾಲ ತೆಗೆದುಕೊಂಡಾಗ ನಾನು ತೋರಿದ ತಾಳ್ಮೆಯನ್ನು ಈಗ ತಮ್ಮಿಂದ ನಿರೀಕ್ಷಿಸುವುದು ನ್ಯಾಯಸಮ್ಮತವೆಂದು ಭಾವಿಸುತ್ತೇನೆ.'

ಓದಿ ತೋರಿಸಿದೆ. ಮಾಮಾ ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೇಳಿದ. "ಇದು ನಾನು ಬರದದ್ದು ಅಂತಾರೇನು?"

"ಸಹಿ ನಿಮ್ಮದ ಇರ್ತೈತಲ್ಲ."

ಹಿಂದಿನಿಂದ ಕಾಕಾ ಇಣುಕಿದ. ಅವನು ಝೆರಾಕ್ಸ್ ಯಂತ್ರದ ಮುಚ್ಚಳ ತೆರೆದು ಕೂತಿದ್ದ, ಮೂಗಿನ ತುದಿಗೆ ಕಪ್ಪು ಪುಡಿ. "ಏ ಹುಡುಗಿ, ಆ ಚಾವಣಿ ತಗಿ. ಕೈ ಚಾಚಿ ಕೇಳೂಮುಂದ ಕಾಲು ತುಳೀಬಾರದು."

"ಖರೆ ಐತಲ್ಲ ಕಾಕಾ? ಸೋರತೈತೋ ಇಲ್ಲೋ?"

"ಸೋರತೈತಿ. ನಿನ್ನ ಬಾಯಿನೂ ಸೋರತೈತಿ. ತಗಿ."

ಚಾವಣಿಯನ್ನು ಬಿಟ್ಟುಕೊಟ್ಟೆ. ಹನ್ನೊಂದು ವರ್ಷವನ್ನು ಬಿಡಲಿಲ್ಲ. ಚರ್ಚೆಯಲ್ಲಿ ಮೊದಲು ನಿನ್ನ ನೆಲೆ ಗಟ್ಟಿ ಮಾಡಿಕೋ ಎಂದು ನಮಗೆ ಕಲಿಸಿದ್ದರು. ಅದಕ್ಕಿಂತ ಗಟ್ಟಿ ನೆಲೆ ಯಾವುದಿದೆ? ಕಾಕಾನಿಗೂ ಅದು ತಪ್ಪೆನಿಸಲಿಲ್ಲ. ಮಾಮಾ ಸಹಿ ಮಾಡಿದ, ಮಡಚಿದ, ಸಾಹೇಬರ ಮನೆಯ ಕಿಟಕಿಯಲ್ಲಿ ಕೊಟ್ಟು ಬಂದ.

ಮರುದಿನ ಸಾಹೇಬರ ಮನೆಯಿಂದ ನನಗೇ ಕರೆ ಬಂತು.

ಹೇಳಲು ಮರೆತೆ. ಸಾಹೇಬರಿಗೆ ಆ ವಾರವಷ್ಟೇ ಬಿಜಾಪುರದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಒಂದು ಕಣ್ಣಿಗೆ ಹಸಿರು ಬಟ್ಟೆ, ಇನ್ನೊಂದು ಕಣ್ಣಿನಲ್ಲಿ ಇನ್ನೂ ಪೊರೆ. ತಿಂಗಳು ಓದಬಾರದು, ಬಾಗಬಾರದು, ತಲೆಗೆ ನೀರು ಹಾಕಬಾರದು. ಅಮ್ಮಾರಿಗೆ, ಅಂದರೆ ಅವರ ಹೆಂಡತಿಗೆ, ಓದು ಬರುತ್ತಿರಲಿಲ್ಲ. ಬರುತ್ತಿದ್ದರೂ ಬರುವುದಿಲ್ಲ ಎನ್ನುತ್ತಿದ್ದರು ಎಂದು ನನ್ನ ಗುಮಾನಿ. ಹೀಗಾಗಿ ಬಂದ ಕಾಗದ ಓದಿ ಹೇಳಲು ಮತ್ತು ಉತ್ತರ ಬರೆಯಲು ಅವರಿಗೊಬ್ಬ ಓದುವವಳು ಬೇಕಾಗಿತ್ತು. ಎದುರಿನ ಅಂಗಡಿಯ ಢಾಲಿನ ಹುಡುಗಿ ಸಿಕ್ಕಳು.

ಅಮ್ಮಾರು ಬಾಗಿಲಲ್ಲೇ ಪಿಸುಗುಟ್ಟಿದರು. "ಬಾ ತಂಗಿ. ಕಣ್ಣ ಮುಚ್ಯಾರ, ಬಾಯಿ ಮುಚ್ಚಾಕ ಡಾಕ್ಟರು ಮರತಾರ."

ಸಾಹೇಬರು ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. "ತಂಗಿ, ಆ ಚೀಟಿ ಐತಿ ನೋಡು. ಓದು. ಸಾವಕಾಶ ಓದು."

ನಾನು ನನ್ನ ಕೈಬರಹವನ್ನು ಬಿಡಿಸಿದೆ. ಆ ಕ್ಷಣಕ್ಕೆ ನನಗೆ ಹೆದರಿಕೆಯಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು, ಹೆಮ್ಮೆಯಾಯಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ ಓದಿದೆ.

"ಮತ್ತೊಮ್ಮೆ ಓದು."

ಓದಿದೆ. ಇನ್ನೂ ಚೆನ್ನಾಗಿ.

"ಆ ಮೊದಲನೇ ವಾಕ್ಯ ಅಷ್ಟ ಓದು."

"'ಹನ್ನೊಂದು ವರ್ಷಗಳಿಂದ ತಮ್ಮ ಮಳಿಗೆಯಲ್ಲಿ ಬಾಡಿಗೆದಾರನಾಗಿರುವ ನಾನು ಇಲ್ಲಿಯವರೆಗೆ ಒಂದು ತಿಂಗಳೂ...'"

ಸಾಹೇಬರು ಕೈ ಎತ್ತಿ ನಿಲ್ಲಿಸಿದರು. ಆಮೇಲೆ ಒಳಗೆ ಮುಖ ಮಾಡಿ ಕೂಗಿದರು. "ಏ ಇಕೀ! ಕೇಳ್ದೇನು? ನಮ್ಮ ಟೇಲರ ವಕೀಲನ ಹಿಡದಾನ!"

"ಹಿಡೀಲಿ ಬಿಡ್ರಿ. ನೀವು ಔಷಧ ಹಾಕ್ಕೊಳ್ರಿ" ಎಂದರು ಅಮ್ಮಾರು.

ನನಗೆ ಅರ್ಥವಾಗಲಿಲ್ಲ. ಸಾಹೇಬರು ಬಿಡಿಸಿ ಹೇಳಿದರು. "ನೋಡು ತಂಗಿ, ಅವ್ನು ನನಗ ಎಂದೂ ಕರಾರು ಪತ್ರ ಬರದಿಲ್ಲ. ನಾ ಅವ್ನಿಗಿ ಎಂದೂ ಬಾಡಿಗಿ ಮುಟ್ಟಿದ ಪಾವತಿ ಚೀಟಿ ಕೊಟ್ಟಿಲ್ಲ. ಬಾಡಿಗಿ ತರ್ತಾನ, ಇಟ್ಟು ಹೋಗ್ತಾನ. ಹನ್ನೊಂದು ವರ್ಷ ಹಂಗ ನಡದೈತಿ. ಈಗ ಒಮ್ಮಿಂದೊಮ್ಮೆಲೆ 'ಹನ್ನೊಂದು ವರ್ಷದಿಂದ ಬಾಡಿಗೆದಾರ, ಒಂದು ತಿಂಗಳೂ ತಪ್ಪಿಸಿಲ್ಲ' ಅಂತ ಸಹಿ ಮಾಡಿ ಕಾಗದ ಕೊಡ್ತಾನ. ನಾನು ಅದರ ಮ್ಯಾಲೆ 'ಅವಕಾಶ ಕೊಟ್ಟೇನಿ' ಅಂತ ಬರದ್ರ? ಅಷ್ಟೂ ಒಪ್ಕೊಂಡಂಗಾತು. ನಾಳೆ ಕೋರ್ಟಿನ್ಯಾಗ ಈ ಚೀಟಿ ಕುಣೀತೈತಿ. ಮಳಿಗಿ ಬಿಡಸಾಕ ನನ್ನ ಮೊಮ್ಮಗನ ಕಾಲದಾಗೂ ಆಗಂಗಿಲ್ಲ. ನಲವತ್ತು ವರ್ಷ ಕಾಗದ ನೋಡೇನಿ. ಇದು ದರ್ಜಿ ಬರದದ್ದಲ್ಲ. ಅಷ್ಟ ಅಲ್ಲ, 'ಕೆಲವು ದಿನ' ಅಂತ ಬರದಾನ. ಕೆಲವು ಅಂದ್ರ ಎಷ್ಟು? ತಾರೀಖು ಬೇಕಂತನ ಬರದಿಲ್ಲ. ಪಕ್ಕಾ ವಕೀಲ."

ಅಧ್ಯಕ್ಷರೇ, ನಿರ್ಣಾಯಕರೇ ಎಂದು ಶುರುಮಾಡುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ತಾನಾಗಿ ಬಂದದ್ದಿದೆ. ಆ ಹೊತ್ತು ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟೆ. ನೆಲೆ ಗಟ್ಟಿ ಮಾಡಿಕೊಟ್ಟಿದ್ದೆ ನಿಜ. ಆ ನೆಲೆಯ ಮೇಲೆ ಕೂತವರು ಸಾಹೇಬರು.

"ಪೆನ್ನು ಹಿಡಿ" ಎಂದರು ಅವರು. "ಬರಿ. 'ಮಳಿಗೆಯು ನಮ್ಮ ಸ್ವಂತ ಉಪಯೋಗಕ್ಕೆ ಬೇಕಾಗಿರುವುದರಿಂದ, ಈ ತಿಂಗಳ ಕೊನೆಯೊಳಗೆ ಖಾಲಿ ಮಾಡಿ ಕೊಡತಕ್ಕದ್ದು.' ಬರದಿ? ಭಾಷಾ ನೀ ಚಲೋ ಮಾಡು. ಮರ್ಯಾದಿ ಕಮ್ಮಿ ಆಗಬಾರದು. ಹೊರಗ ಹಾಕೂದು ಬ್ಯಾರೆ, ಮರ್ಯಾದಿ ಬ್ಯಾರೆ."

ಒಂದೇ ವಿಷಯದ ಪರ ಮತ್ತು ವಿರೋಧ ಎರಡನ್ನೂ ಬರೆಯುವುದು ನನಗೆ ಹೊಸದೇನಲ್ಲ. ಮುದ್ದೇಬಿಹಾಳದಲ್ಲಿ ಅದಕ್ಕೇ ಢಾಲು ಕೊಟ್ಟಿದ್ದರು. ಆದರೆ ಅಲ್ಲಿ ಸೋತ ವಿಷಯ ತನ್ನ ಹೊಲಿಗೆ ಯಂತ್ರ ಹೊತ್ತುಕೊಂಡು ರಸ್ತೆಗೆ ಬರುತ್ತಿರಲಿಲ್ಲ. ಗೋಡೆಯ ಆಚೆಯಿಂದ ಮಾಮಾನ ಯಂತ್ರದ ಟರ್ರ್ ಸದ್ದು ಕೇಳುತ್ತಿತ್ತು. 'ಮಳಿಗೆಯು' ಎಂದು ಬರೆದು ನಿಲ್ಲಿಸಿದೆ.

"ಸಾಹೇಬ್ರ, ವಕೀಲ್ರು ಯಾರೂ ಇಲ್ರಿ."

"ನಿನಗ ಹೆಂಗ ಗೊತ್ತು?"

"ಆ ಚೀಟಿ ನಾನ ಬರದೇನ್ರಿ."

ಸಾಹೇಬರು ಒಂದು ಕಣ್ಣು ಬಟ್ಟೆಯೊಳಗೆ, ಇನ್ನೊಂದು ಪೊರೆಯೊಳಗೆ ಇದ್ದರೂ ನನ್ನನ್ನು ನೋಡಿದರು. ಒಳಗಿನಿಂದ ಅಮ್ಮಾರ ನಗೆ ಕೇಳಿಸಿತು. "ಹಿಡದ್ರಿ ನೋಡ್ರಿ ವಕೀಲನ! ಎದುರಿಗೇ ಕೂಡ್ರಿಸಿಕೊಂಡು ನೋಟಿಸ್ ಬರಸಾಕತ್ತೀರಿ!"

"ನೀ ಸುಮ್ಮಕಿರು" ಎಂದರು ಸಾಹೇಬರು ಒಳಕ್ಕೆ. ನನ್ನ ಕಡೆ ತಿರುಗಿ, "ಎರಡ ಸಲ ಓದ್ದಿ. ಒಂದ ಸಲಾನೂ ಹೇಳಲಿಲ್ಲ?"

"ನೀವು ಓದು ಅಂದ್ರಿ, ಓದಿದ್ನಿರಿ. ಯಾರು ಬರದಾರ ಅಂತ ಕೇಳಲಿಲ್ಲ."

"ಇದೂ ವಕೀಲ್ರ ಮಾತ."

ನಾನು ಎಲ್ಲವನ್ನೂ ಹೇಳಿದೆ. ಮಾಮಾ ತಂದ ಮೂಲ ಚೀಟಿ, ಸಾಲಿಯವರ ಬಾಕಿ, ನನ್ನ ತಿದ್ದುಪಡಿ. ಹನ್ನೊಂದು ವರ್ಷದ ವಾಕ್ಯ ನನ್ನದು, ಮಾಮಾನದಲ್ಲ. ಅವನಿಗೆ ಹಾಗೆ ಬರೆಯಲು ಹೊಳೆಯುವುದೂ ಇಲ್ಲ ಎಂದೆ. ಚಾವಣಿಯ ವಿಷಯ ಮಾತ್ರ ಹೇಳಲಿಲ್ಲ. ತಗಿ ಎಂದ ಕಾಕಾನ ಮಾತು ಆಗ ಮೊದಲ ಸಲ ಸರಿ ಎನಿಸಿತು.

"ಅವ್ನ ಮೂಲ ಚೀಟಿ ಹೆಂಗಿತ್ತು?"

ನೆನಪಿನಿಂದ ಹೇಳಿದೆ. 'ನೀವು ತಡಿ, ಸುಮ್ಮನೆ ಗದ್ದಲ ಮಾಡಬೇಡ' ಎಂಬಲ್ಲಿಗೆ ಬಂದಾಗ ಅಮ್ಮಾರು ಒಳಗೆ ಪಾತ್ರೆ ಕೆಳಗಿಟ್ಟು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ಅವರ ಮುಖ ಸಡಿಲವಾಯಿತು. "ಹಾಂ, ಇದು ಅವ್ನದು. ಇದರಾಗ ಕಪಟ ಇಲ್ಲ. ವ್ಯಾಕರಣನೂ ಇಲ್ಲ."

"ಹಂಗಾದ್ರ ಅವಕಾಶ ಕೊಡ್ತೀರೇನ್ರಿ?"

"ಕೊರತಿ ಇರೂ ಅರ್ಜಿಗಿ ಅವಕಾಶ ಕೊಡಾಕ ಬರಂಗಿಲ್ಲ."

"ಕೊರತಿ ಏನೇನು ಹೇಳ್ರಿ, ತಿದ್ದತೇನಿ."

ಇದು ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ವಿನಯದ ಮಾತು ಎಂದು ಕಾಣುತ್ತದೆ. ಸಾಹೇಬರು ಕುರ್ಚಿಯಲ್ಲಿ ಸರಿಯಾಗಿ ಕೂತರು. ಆರು ವರ್ಷದಿಂದ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲವೇನೋ.

"ಬರ್ಕೋ. ಹನ್ನೊಂದು ವರ್ಷ ತಗಿ."

"ಖರೆ ಐತಲ್ರಿ ಅದು?"

"ಖರೆ ಐತಿ. ಅದಕ್ಕ ತಗಿ."

ಇಲ್ಲಿ ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅದು ಅವ್ರ ಹಕ್ಕಿನ ಮಾತು. ನಾ ಹೆಂಗ ತಗೀಲಿ? ಅವ್ರನ್ನ ಕರಿಸ್ರಿ, ಅವ್ರನ್ನ ಕೇಳೂಣು."

ಸಾಹೇಬರು ಒಪ್ಪಿದರು. ಅಮ್ಮಾರು ಮಳಿಗೆಯ ಕಡೆಯ ಗೋಡೆಗೆ ಲಟ್ಟಣಿಗೆಯಿಂದ ಮೂರು ಸಲ ಬಡಿದರು. ಆಚೆ ಯಂತ್ರ ನಿಂತಿತು. ಮಾಮಾ ಬಂದ, ಅಂಗಿಯ ತುಂಬ ಖಾಕಿ ದಾರದ ಚೂರು. ಬಾಗಿಲಲ್ಲೇ ನಿಂತು ಒಮ್ಮೆ ಸಾಹೇಬರನ್ನು, ಒಮ್ಮೆ ನನ್ನನ್ನು ನೋಡಿದ. ನನ್ನನ್ನು ನೋಡಿದ್ದರಲ್ಲಿ ಪ್ರಶ್ನೆ ಇತ್ತು.

ನಾನೇ ಹೇಳಿದೆ. "ಮಾಮಾ, ನಾ ಬರದ ಒಂದು ವಾಕ್ಯದಿಂದ ಗೊಂದಲ ಆಗೇತಿ. ಹನ್ನೊಂದು ವರ್ಷದಿಂದ ಬಾಡಿಗೆದಾರ ಅಂತ ಬರದಿದ್ನಲ್ಲ, ಅದನ್ನ ತಗೀ ಅಂತಾರ. ಅದು ಇದ್ದರ ಮುಂದ ನಿಮಗ ಕೋರ್ಟಿನ್ಯಾಗ ಉಪಯೋಗ ಆಗಬಹುದು. ತಗೀಲೋ, ಇಡ್ಲೋ? ನಿಮ್ಮ ಇಷ್ಟ."

ಸಾಹೇಬರ ಮುಂದೆಯೇ ಇದನ್ನು ಹೇಳಿದ್ದಕ್ಕೆ ಅಮ್ಮಾರು ಹುಬ್ಬೇರಿಸಿದರು. ಸಾಹೇಬರು ಮೇಜಿನ ಮೇಲೆ ಬೆರಳು ಬಡಿಯುತ್ತ ಕೂತರು.

ಮಾಮಾ ತಲೆ ಕೆರೆದುಕೊಂಡ. "ಕೋರ್ಟಿಗಿ ಹೋದ್ರ ಹೊಲಿಯಾವ್ರು ಯಾರವ್ವಾ? ಬಿಜಾಪುರಕ್ಕ ಹೋಗಿ ಬರೂದ್ರಾಗ ಎರಡು ಪ್ಯಾಂಟ್ ಹೊಲೀತೇನಿ. ನನಗ ಕೋರ್ಟ್ ಬ್ಯಾಡ. ಹದಿನೈದು ದಿನ ಬೇಕು. ಸಾಹೇಬ್ರ, ಹನ್ನೊಂದು ವರ್ಷ ಚೀಟ್ಯಾಗ ಬರೀಲಿಲ್ಲಂದ್ರ ನೀವು ಮರೀತೀರೇನ್ರಿ?"

ಸಾಹೇಬರ ದನಿ ಬೇರೆಯಾಗಿತ್ತು. "ನೀ ಮಳಿಗಿಗಿ ಬಂದ ವರ್ಷ ನಮ್ಮ ಮಗಳ ಮದಿವಿ. ಅಳಿಯನ ಕೋಟು ನೀನ ಹೊಲದಿ. ಒಂದ ತೋಳು ಉದ್ದ ಮಾಡಿದ್ದಿ."

"ಅಳಿಯಾರ ಕೈ ಹಂಗ ಐತ್ರಿ" ಎಂದ ಮಾಮಾ. "ನಾ ಅಳತಿ ತಪ್ಪಿಲ್ಲ."

"ಖರೆನ ಐತ್ರಿ ಅದು" ಎಂದು ಅಮ್ಮಾರು ಸಾಕ್ಷಿ ಹೇಳಿದರು.

ಆ ವಾಕ್ಯವನ್ನು ತೆಗೆದೆ. ಅದು ಮಾಮಾನ ತೀರ್ಮಾನವಾದರೂ, ಪುರಾವೆ ಹೊಡೆದುಹಾಕುವುದು ನನ್ನ ತರಬೇತಿಯಲ್ಲಿರಲಿಲ್ಲ. ಆಮೇಲೆ ಸಾಹೇಬರು ಒಂದೊಂದೇ ಕೊರತೆ ಹೇಳಿದರು. 'ಮಾನ್ಯರೆ' ಬೇಡ, ಅದು ಕಚೇರಿಗೆ. ಮನೆಯವರಿಗೆ ನಮಸ್ಕಾರ ಸಾಕು. ಯಾಕೆ ತಡ ಎಂಬುದು ಒಂದೇ ಮಾತಿನಲ್ಲಿರಲಿ, ಕಥೆ ಬೇಡ. ಎಂದು ಕೊಡುತ್ತೀ ಎಂಬುದಕ್ಕೆ ತಾರೀಖು ಬೇಕು. ಪೂರ್ತಿ ಕೊಡುತ್ತೀಯೋ ಅರ್ಧವೋ, ಅದೂ ಬೇಕು. ಮಾಮಾ ನಡುವೆ ಬಾಯಿ ಹಾಕಿ, "ನಿಮ್ಮ ಪಾದಕ್ಕ ಬೀಳ್ತೇನಿ ಅಂತ ಹಾಕೂದೇನ್ರಿ?" ಎಂದ. "ಬ್ಯಾಡ, ಕಣ್ಣ ಆಪರೇಶನ್ ಆಗೇತಿ, ನೀ ಬಿದ್ರೂ ಕಾಣಂಗಿಲ್ಲ" ಎಂದರು ಸಾಹೇಬರು. ನನಗೆ ಗೊತ್ತಿದ್ದಂತೆ ಅದು ಅವರು ಮಾಡಿದ ಒಂದೇ ಹಾಸ್ಯ.

ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು:

'ಸಾಹೇಬರಿಗೆ ನಮಸ್ಕಾರಗಳು. ಶಾಲೆಯಿಂದ ಬರಬೇಕಾದ ಹೊಲಿಗೆಯ ಹಣ ಇನ್ನೂ ಬಂದಿಲ್ಲ. ಹೀಗಾಗಿ ಈ ತಿಂಗಳ ಬಾಡಿಗೆಯನ್ನು ಐದನೆಯ ತಾರೀಖಿಗೆ ಕೊಡಲು ಆಗುತ್ತಿಲ್ಲ. ದಯವಿಟ್ಟು ಇಪ್ಪತ್ತನೆಯ ತಾರೀಖಿನವರೆಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅಂದು ಪೂರ್ತಿ ಬಾಡಿಗೆ ತಂದುಕೊಡುತ್ತೇನೆ. ತಡವಾದುದಕ್ಕೆ ಕ್ಷಮೆ ಇರಲಿ.'

ಓದಿದೆ. ಒತ್ತಲು ಒಂದೂ ಜಾಗವಿರಲಿಲ್ಲ. ಇದರಿಂದ ಯಾವ ಊರಿನಲ್ಲೂ ಯಾರೂ ಢಾಲು ಗೆಲ್ಲಲಾರರು.

"ಈಗ ಕೊರತಿ ಏನರ ಐತೇನ್ರಿ?" ಎಂದೆ.

ಸಾಹೇಬರು ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. ಹುಡುಕುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. "ಇಲ್ಲ" ಎಂದರು ಕೊನೆಗೆ, ಸೋತವರ ಹಾಗೆ.

"ಹಂಗಾದ್ರ ನಿಮ್ಮ ನಿಯಮದ ಪ್ರಕಾರ ಮಂಜೂರು ಆಗಬೇಕ್ರಿ."

"ಸಾಯಲಿ, ಮಂಜೂರು." ಅವರೇ ತಡವರಿಸಿ ಪೆನ್ನು ಹುಡುಕಿ, ಕಾಣದ ಕಣ್ಣಿನಲ್ಲೇ ಓರೆಯಾಗಿ ಸಹಿ ಎಳೆದರು. ಅರ್ಧ ಸಹಿ ಕಾಗದದ ಮೇಲೆ, ಅರ್ಧ ಮೇಜಿನ ಮೇಲೆ. 'ಮಳಿಗೆಯು' ಎಂದಷ್ಟೇ ಬರೆದಿದ್ದ ಇನ್ನೊಂದು ಹಾಳೆಯನ್ನು ಅಮ್ಮಾರು ನನ್ನ ಕೈಯಿಂದ ತೆಗೆದುಕೊಂಡು ಒಲೆಗೆ ಹಾಕಿದರು. ಮುಂದಿನ ವಾರ ಬಾಗೇವಾಡಿಯಿಂದ ಬಂದ ಆ ತಂಗಿಯ ಮಗ ಮಳಿಗೆಯ ಮುಂದೆ ಹೆಜ್ಜೆ ಹಾಕುತ್ತಿದ್ದಾಗ, "ಎಷ್ಟ ಸಲ ಅಳೀತೀಯೋ, ಅದೇನು ಬೆಳಿಯೂ ಕೂಸೇನು?" ಎಂದು ಹೊರಗೆ ಬಂದು ಕೇಳಿದವರೂ ಅವರೇ.

ಸಾಲಿಯವರು ಹದಿನಾರಕ್ಕೇ ಹಣ ಕೊಟ್ಟರು. ಮಾಮಾ ಅಂಗಡಿಗೆ ಓಡಿಬಂದು ನನ್ನನ್ನೂ ಜೊತೆಗೆ ಕರೆದ. "ಬಾ ಮಗಳ. ಚೀಟಿ ಬರದಾಕಿ ನೀ, ರೊಕ್ಕ ಕೊಡೂದು ನೋಡಾಕೂ ಇರಬೇಕು." ಸಾಹೇಬರ ಪಡಸಾಲೆಯಲ್ಲಿ ನೋಟುಗಳನ್ನು ಮೇಜಿನ ಮೇಲಿಟ್ಟ.

"ಇವತ್ತು ತಾರೀಖು ಎಷ್ಟು?" ಎಂದರು ಸಾಹೇಬರು.

"ಹದಿನಾರ್ರಿ."

"ಮಂಜೂರಾದದ್ದು ಇಪ್ಪತ್ತಕ್ಕ. ಇಪ್ಪತ್ತಕ್ಕ ತಗೊಂಡು ಬಾ."

ಮಾಮಾ ನನ್ನ ಮುಖ ನೋಡಿದ. ನಾನು ಬಾಯಿ ತೆರೆದೆ. 'ವರೆಗೆ' ಎಂದರೆ ಆ ತಾರೀಖಿನ ಒಳಗೆ ಯಾವ ದಿನವೂ ಆಗಬಹುದು ಎಂದು ವಾದಿಸಿದೆ. 'ಅಂದು ತಂದುಕೊಡುತ್ತೇನೆ' ಎಂದು ನೀನೇ ಬರೆದಿದ್ದೀ ಎಂದು ಸಾಹೇಬರು ಹೇಳಿದರು. ನಾನು ಬರೆದದ್ದಲ್ಲ, ನೀವು ಬರೆಸಿದ್ದು ಎಂದೆ. ಕೊರತೆ ಇದ್ದರೆ ಆಗಲೇ ಹೇಳಬೇಕಾಗಿತ್ತು ಎಂದರು. ಮಾಮಾ ನಿಂತೇ ಇದ್ದ. "ಸಾಹೇಬ್ರ, ನಾಕು ದಿನ ನನ್ನ ಕಡೆ ಬಿಟ್ರ ಇದು ಉಳಿಯಂಗಿಲ್ರಿ. ಅರಿವಿ ಅಂಗಡಿಯಾವ ಇವತ್ತ ಸಂಜೀಕ ಬಾಕಿ ಕೇಳಾಕ ಬರ್ತಾನ" ಎಂದು ಅತ್ತಂತೆ ಹೇಳಿದ. ಸಾಹೇಬರು ಯೋಚಿಸಿ, ತಾರೀಖು ಬದಲಿಸಲು ಇನ್ನೊಂದು ಅರ್ಜಿ ಕೊಡಬಹುದು ಎಂದರು. ನಾನು ಪೆನ್ನಿಗೆ ಕೈ ಹಾಕಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅಮ್ಮಾರು ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಮೇಲಿನ ನೋಟುಗಳನ್ನು ಎತ್ತಿ, ಎಣಿಸದೆ, ಸೊಂಟದ ಚೀಲಕ್ಕೆ ಸೇರಿಸಿದರು.

"ಏ, ಅದು ಇನ್ನೂ ಆವಕ ಆಗಿಲ್ಲ!" ಎಂದರು ಸಾಹೇಬರು.

"ಆತು" ಎಂದರು ಅಮ್ಮಾರು. ಮಾಮಾನ ಕಡೆ ತಿರುಗಿ, "ನೀ ನಡಿ. ನನ್ನ ಜಂಪರ ಹೊಲದು ಇನ್ನೂ ಕೊಟ್ಟಿಲ್ಲ. ಅದಕ್ಕೂ ಚೀಟಿ ಬರೀಬೇಕೇನು?"

"ನಾಳೆ ಕೊಡ್ತೇನ್ರಿ ಅಮ್ಮಾರ."

"ನಾಳೆ ಅಂದ್ರ ಯಾವ ತಾರೀಖು?" ಎಂದು ಸಾಹೇಬರು ಕೇಳುವುದರೊಳಗೆ ನಾವಿಬ್ಬರೂ ರಸ್ತೆಯಲ್ಲಿದ್ದೆವು.